ವಿಷಯ: ಪರದೆ ಮೇಲೆ ಓಡುವ ಕಪ್ಪು ಪಟ್ಟಿಗಳ ಬಗ್ಗೆ ಕೊನೆಯ ದೂರು

ಇವರಿಗೆ,
ವ್ಯವಸ್ಥಾಪಕರು, ವಿಡಿಯೋ ವಿಭಾಗ, ಮಂಗಳೂರು

ಮಾನ್ಯರೇ,

ಉಡುಪಿಯ ನಮ್ಮ ಟ್ಯಾಲಿ ತರಬೇತಿ ಕೇಂದ್ರದಲ್ಲಿ ನೀವು ಚಿತ್ರೀಕರಿಸಿದ ಪಾಠಗಳ ವಿಷಯ. ಫೋನಿನಲ್ಲಿ ಎಷ್ಟು ಮರ್ಯಾದೆಯಿಂದ ಹೇಳಿದರೂ ಕೆಲಸ ಆಗಲಿಲ್ಲ. ಹಾಗಾಗಿ ಈ ಪತ್ರ. ಕಂಪ್ಯೂಟರ್ ಪರದೆಯ ಅಕ್ಷರ ಓದುವಂತಿರಬೇಕು, ಇಲ್ಲದಿದ್ದರೆ ಮತ್ತೆ ಶೂಟ್ ಮಾಡಿಕೊಡುತ್ತೇವೆ ಎಂದು ನಿಮ್ಮ ಕೊಟೇಶನ್‌ನಲ್ಲೇ ಬರೆದಿದೆ. ಅದನ್ನು ಬರೆದವರು ನೀವೇ, ನಾನು ಬಿಡಿಸಿ ಹೇಳಬೇಕಾಗಿಲ್ಲ.

ನೀವು ಮೊದಲು ಕೊಟ್ಟ ಪಾಠಗಳಲ್ಲಿ ಮಾನಿಟರ್ ಮೇಲೆ ಕಪ್ಪು ಪಟ್ಟಿಗಳು ಒಂದೇ ಸಮ ಉರುಳುತ್ತವೆ. ಲೆಡ್ಜರ್‌ನ ಸಣ್ಣ ಗೆರೆಗಳಿರುವಲ್ಲಿ ಬಣ್ಣಬಣ್ಣದ ಅಲೆಗಳು ಬೇರೆ.

ಇದನ್ನು ತೋರಿಸಲು ನಿಮ್ಮ ಆಫೀಸಿಗೆ ಬಂದಿದ್ದೆ. ಸೋಫಾದಲ್ಲಿ ಮದುವೆ ಆಲ್ಬಮ್ ನೋಡುವವರ ಒಂದು ಕುಟುಂಬ ಇತ್ತು. ಅವರಿಗೆ ಬೊಂಡ ಬಂತು, ನನಗೆ ಕುರ್ಚಿಯೂ ಬರಲಿಲ್ಲ. ನಿಮ್ಮ ಹುಡುಗ ನನ್ನ ಪಾಠವನ್ನು ಗೋಡೆಯ ದೊಡ್ಡ ಟಿವಿಗೆ ಹಾಕಿದ, ಅವರೆಲ್ಲ ನೋಡುವ ಹಾಗೆ. "ಮೇಡಂ, ನಿಮ್ಮ ಮಾನಿಟರ್ ಹೋಗಿದೆ" ಅಂದ. ಕಣ್ಣಿಗೆ ಪಟ್ಟಿ ಕಾಣುವುದಿಲ್ಲವಲ್ಲ ಅಂದೆ. "ಹಾಗಾದ್ರೆ ಉಡುಪಿ ಕರೆಂಟಿನ ಪ್ರಾಬ್ಲಮ್" ಅಂದ. ಸೋಫಾದಲ್ಲಿ ಯಾರೋ ನಕ್ಕರು. ಶಟರ್ ಎಷ್ಟಿಟ್ಟಿದ್ರಿ ಅಂತ ಕೇಳಿದೆ. "ಅದೆಲ್ಲ ಟೆಕ್ನಿಕಲ್, ನಿಮಗೆ ಗೊತ್ತಾಗುದಿಲ್ಲ" ಅಂದು, ಸ್ವಲ್ಪ ಹೊತ್ತು ಬಿಟ್ಟು, "ಮಕ್ಕಳು ಪಾಠ ಕೇಳ್ತಾರಲ್ವಾ, ಗೆರೆ ಯಾಕೆ ನೋಡ್ತಾರೆ?" ಎಂದ. ಲೆಕ್ಕದ ಪಾಠವನ್ನು ರೇಡಿಯೋದಲ್ಲಿ ಕಲಿಸಬಹುದು ಎಂಬುದು ನನಗೆ ಅವತ್ತೇ ಗೊತ್ತಾದದ್ದು.

ಗೊತ್ತಾಗುವುದಿಲ್ಲ ಅಂದನಲ್ಲ, ಗೊತ್ತಾದದ್ದನ್ನು ಬರೆಯುತ್ತೇನೆ. ಶೂಟಿಂಗ್ ದಿನ ಪರದೆ ಜಾಸ್ತಿ ಬೆಳಗುತ್ತಿದೆ ಎಂದು ನಿಮ್ಮ ಕ್ಯಾಮೆರಾದವರು ಮಾನಿಟರಿನ ಬ್ರೈಟ್‌ನೆಸ್ ತೀರಾ ಇಳಿಸಿದರು. ಬೆಳಕು ಇಳಿಸಿದಾಗ ಎಷ್ಟೋ ಮಾನಿಟರ್‌ಗಳು ಹಿಂದಿನ ದೀಪವನ್ನು ನಿಜವಾಗಿ ಮಂಕು ಮಾಡುವುದಿಲ್ಲ. ಕಣ್ಣಿಗೆ ಗೊತ್ತಾಗದಷ್ಟು ಬೇಗ ಆರಿಸಿ ಹೊತ್ತಿಸುತ್ತವೆ. ಸೆಕೆಂಡಿಗೆ 240 ಸಲ ಅಂತ ಇಟ್ಟುಕೊಳ್ಳಿ. ಶಟರ್ 1/60 ಸೆಕೆಂಡ್ ಇದ್ದರೆ ಆ ಹೊತ್ತಿನಲ್ಲಿ ಸರಿಯಾಗಿ 4 ಸಲ ಹೊತ್ತುತ್ತದೆ. ಚಿತ್ರದ ಎಲ್ಲ ಸಾಲಿಗೂ ಸಮ ಬೆಳಕು. 1/50 ಇದ್ದರೆ ಲೆಕ್ಕ 4.8 ಆಗುತ್ತದೆ. ಕ್ಯಾಮೆರಾ ಚಿತ್ರವನ್ನು ಮೇಲಿಂದ ಕೆಳಗೆ ಸಾಲು ಸಾಲಾಗಿ ಓದುವುದರಿಂದ ಕೆಲವು ಸಾಲಿಗೆ ಬೆಳಕು ಜಾಸ್ತಿ, ಕೆಲವಕ್ಕೆ ಕಡಿಮೆ. ಅದೇ ಪಟ್ಟಿ. ನಿಮ್ಮವರು ಸೆಕೆಂಡಿಗೆ 25 ಫ್ರೇಮ್ ಇಟ್ಟಿದ್ದರು. 240ನ್ನು 25ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಹಾಗಾಗಿ ಪಟ್ಟಿ ಪ್ರತಿ ಫ್ರೇಮಿಗೂ ಜಾಗ ಬದಲಿಸಿ ಉರುಳುತ್ತದೆ.

ಇದೇ ಮಾನಿಟರನ್ನು ನನ್ನ ಫೋನಿನ ಪ್ರೊ ಮೋಡ್‌ನಲ್ಲಿ ನೋಡಿದೆ. ಬ್ರೈಟ್‌ನೆಸ್ ಇಳಿಸಿ 1/50 ಇಟ್ಟರೆ ಪಟ್ಟಿ ಬಂತು, 1/60ಕ್ಕೆ ಹೋಯಿತು. ಬ್ರೈಟ್‌ನೆಸ್ ಪೂರ್ತಿ ಏರಿಸಿದರೆ 1/50ರಲ್ಲೂ ಪಟ್ಟಿ ಇಲ್ಲ. ಮಾನಿಟರ್ ಹೋಗಿದ್ದರೆ ಹೀಗಾಗುತ್ತಿತ್ತಾ?

1/60 ಒಂದೇ ಸಾಕು ಎಂದೂ ನಾನು ಹೇಳುತ್ತಿಲ್ಲ. ನಮ್ಮ ಕರೆಂಟ್ 50 ಹರ್ಟ್ಜ್, ಚೋಕ್ ಹಾಕಿದ ಹಳೆ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/60 ಇಟ್ಟರೆ ಆ ದೀಪದ ಪಟ್ಟಿ ಗೋಡೆ ಮೇಲೆ ಬರಬಹುದು. ಆದ್ದರಿಂದ ನಮ್ಮ ಕೋಣೆಗೆ ಸರಿಯಾದ ದಾರಿ 1/50 ಶಟರ್, ಪೂರ್ತಿ ಬ್ರೈಟ್‌ನೆಸ್. ಪರದೆ ಜಾಸ್ತಿ ಬೆಳಗಿದರೆ ಕ್ಯಾಮೆರಾದ ಐಎಸ್ಒ ಇಳಿಸಿ, ನನ್ನ ಮುಖಕ್ಕೆ ಮಿನುಗದ ಒಂದು ಲೈಟ್ ಕೊಡಬೇಕಿತ್ತು. ಲೈಟ್ ನಿಮ್ಮ ಕಾರಿನ ಡಿಕ್ಕಿಯಲ್ಲೇ ಇತ್ತು, ಬಾಡಿಗೆ ಬಿಲ್ಲಿನಲ್ಲೂ ಇದೆ.

ಇನ್ನು ಬಣ್ಣದ ಅಲೆಗಳು. ಎರಡು ಸೊಳ್ಳೆಪರದೆ ಒಂದರ ಮೇಲೊಂದು ಹಿಡಿದರೆ ಅಲೆ ಅಲೆಯಾಗಿ ಕಾಣುತ್ತದಲ್ಲ, ಹಾಗೆಯೇ ಮಾನಿಟರಿನ ಚುಕ್ಕಿಗಳ ಸಾಲು ಕ್ಯಾಮೆರಾ ಸೆನ್ಸರಿನ ಸಾಲಿನ ಮೇಲೆ ಕೂತಾಗ ಬರುವುದು. ಕ್ಯಾಮೆರಾವನ್ನು ಸ್ವಲ್ಪ ಹಿಂದೆ ಮುಂದೆ ಸರಿಸಬಹುದಿತ್ತು, ಕೋನ ಬದಲಿಸಬಹುದಿತ್ತು, ಫೋಕಸನ್ನು ಪರದೆಗಿಂತ ಕೂದಲೆಳೆಯಷ್ಟು ಮುಂದೆ ಇಡಬಹುದಿತ್ತು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಕಾಣುವ ಅಲೆ ಸುಳ್ಳೂ ಇರಬಹುದು, ಅದಕ್ಕೇ ಅಲ್ಲೇ ಹಿಗ್ಗಿಸಿ ನೋಡಬೇಕು. ಒಮ್ಮೆ ಫೈಲಿಗೆ ಇಳಿದರೆ ಅಕ್ಷರ ಮಂಕಾಗದೆ ಅಳಿಸುವುದು ಕಷ್ಟ. "ಎಡಿಟಿಂಗ್‌ನಲ್ಲಿ ತೆಗೀತೇವೆ" ಎಂದು ನೀವು ಮಸುಕು ಮಾಡಿ ಕಳಿಸಿದ್ದೀರಿ. ಈಗ ಅಲೆ ಇಲ್ಲ ನಿಜ, ಜೊತೆಗೆ ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಎಂದೂ ತಿಳಿಯುವುದಿಲ್ಲ.

ಈ ವಾರದೊಳಗೆ ಮತ್ತೆ ಶೂಟ್ ಮಾಡಿ, ಇಲ್ಲವೇ ಮುಂಗಡ ವಾಪಸ್ ಕೊಡಿ. ಆದರೆ ಆ ಹುಡುಗನನ್ನು ಕಳಿಸಬೇಡಿ. ಬಾಕಿ ಹಣಕ್ಕೆ ಫೋನ್ ಮಾಡುವುದನ್ನೂ ನಿಲ್ಲಿಸಿ. ಎರಡೂ ಆಗದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹೋಗುತ್ತದೆ. 2019ರ ಕಾಯ್ದೆಯಲ್ಲಿ ದೂರುದಾರರು ತಾವಿರುವ ಊರಿನಲ್ಲೇ ದೂರು ಕೊಡಬಹುದು, ಹಾಗಾಗಿ ಮಂಗಳೂರಿನಿಂದ ಇಲ್ಲಿಗೆ ಓಡಾಡುವವರು ನೀವು. ನಿಮ್ಮ ಫೈಲ್, ನನ್ನ ಫೋನಿನ ವಿಡಿಯೋ, ಲೈಟಿನ ಬಿಲ್ ಮೂರನ್ನೂ ಲಗತ್ತಿಸುತ್ತೇನೆ.

ಇತಿ,
ತರಬೇತಿ ಕೇಂದ್ರದ ಮುಖ್ಯಸ್ಥೆ, ಉಡುಪಿ