‘ಮುಗಿಯಿತು’ ಅಂತ ಹಾಕುವ ಮೊದಲು

ಎಲ್ಲರಿಗೂ ನಮಸ್ಕಾರ. ಡಿಸೈನ್ ಮಾಡುವವರು, ಪ್ರೂಫ್ ಕಳಿಸುವವರು ಇದನ್ನೊಮ್ಮೆ ಓದಿ ಮಾರಾಯ್ರೇ.

ಮೊನ್ನೆ ಕಲ್ಯಾಣಪುರದ ಕಡೆಯ ಯಕ್ಷಗಾನದ ಆಮಂತ್ರಣ ನಾನೇ ಮಾಡಿದ್ದು. 2026 ಫೆಬ್ರವರಿ 14, ಭಾನುವಾರ ಅಂತ ಹಾಕಿದ್ದೆ. ಅದು ಶನಿವಾರ! ಮೂರು ಸಲ ಓದಿದರೂ ಕಾಣಲಿಲ್ಲ, ಏನೇನು ನೋಡಬೇಕು ಅನ್ನುವ ಪಟ್ಟಿ ಹಿಡಿದು ಕ್ಯಾಲೆಂಡರ್ ನೋಡಿದಾಗ ಸಿಕ್ಕಿತು.

ಹಾಗಾಗಿ ಸೋಮವಾರದಿಂದ ಎಲ್ಲರೂ ಇಷ್ಟು ನೋಡಿ:
- ತಾರೀಕು, ವಾರ: ಕ್ಯಾಲೆಂಡರ್ ಜೊತೆ
- ಫೋನ್ ನಂಬರ್: ಗಿರಾಕಿಯ ಚೀಟಿ ಜೊತೆ, ಹತ್ತೂ ಅಂಕಿ ಒಂದೊಂದಾಗಿ
- ಸ್ಥಳ, ಹೊತ್ತು, ಊಟದ ಸಾಲು ಬಿಟ್ಟುಹೋಗಿದೆಯಾ
- ಸುತ್ತ 3 ಮಿ.ಮೀ. ಬ್ಲೀಡ್

ಪಟ್ಟಿ ಚೆನ್ನಾಗಿ ಹಿಡಿಯುವುದು ಬಿಟ್ಟುಹೋದದ್ದನ್ನು, ಮತ್ತೆ ಬೇರೆ ಯಾವುದಕ್ಕಾದರೂ ತಾಳೆ ಹಾಕಿ ನೋಡಬಹುದಾದದ್ದನ್ನು. ‘ಸ್ಪೆಲ್ಲಿಂಗ್ ನೋಡಿದೆ’ ಅಂತ ಟಿಕ್ ಹಾಕಿ ಜಾಸ್ತಿ ಪ್ರಯೋಜನ ಇಲ್ಲ. ನಾವೇ ಟೈಪ್ ಮಾಡಿದ್ದನ್ನು ಓದುವಾಗ ಕಣ್ಣು ಅಲ್ಲಿರುವುದನ್ನು ಬಿಟ್ಟು ಮನಸ್ಸಿನಲ್ಲಿರುವುದನ್ನು ಓದುತ್ತದೆ, ಅಲ್ವಾ? ಹೆಸರುಗಳನ್ನು ಪಕ್ಕದವರಿಂದ ಓದಿಸಿ. ಚೀಟಿಯೇ ತಪ್ಪಿದ್ದರೆ ಪಟ್ಟಿಗೂ ಗೊತ್ತಾಗುವುದಿಲ್ಲ, ಅದಕ್ಕೆ ಪ್ರೂಫಿಗೆ ಗಿರಾಕಿಯ ಒಪ್ಪಿಗೆ ಬೇಕೇ ಬೇಕು.

ಕೊನೆಗೆ ಒಟ್ಟಿಗೆ ಸುಮ್ನೆ ಟಿಕ್ ಹಾಕಬೇಡಿ (ನಾನೂ ಹಾಕಿದ್ದೇನೆ, ಗೊತ್ತು). ಓದಿದವರು ‘ಸರಿ’ ಅಂತ ಬರೆಯಿರಿ. ಸೇರಿಸುವುದೇನಾದರೂ ಇದ್ದರೆ ಶನಿವಾರದೊಳಗೆ ಹೇಳಿ.