ಆ ರಾಡನ್ನು ಬಿಗಿ ಮಾಡಿಸಬೇಡ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ನಿನ್ನೆ ಬಂತು. ಹೊಸ ಬಾತ್‌ರೂಮಿನಲ್ಲಿ ಯಾವ್ಯಾವುದನ್ನು ಎಷ್ಟೆಷ್ಟು ಎತ್ತರಕ್ಕೆ ಹಾಕಿಸಬೇಕು ಎಂದು ಕೇಳಿದ್ದೀಯ. ಅದೆಲ್ಲ ಇರಲಿ. ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, "ಅಮ್ಮ ಕಮೋಡಿನಿಂದ ಏಳುವಾಗ ಟವೆಲ್ ರಾಡ್ ಹಿಡಿದುಕೊಳ್ಳುತ್ತಾಳೆ, ಒಂದು ಕಡೆ ಸಡಿಲ ಆಗಿದೆ, ಮೇಸ್ತ್ರಿಗೆ ಹೇಳಿ ಬಿಗಿ ಮಾಡಿಸ್ತೀನಿ" ಅಂತ. ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಬಿಗಿ ಮಾಡಿಸಬೇಡ. ಬಿಚ್ಚಿಸು.

ಇದನ್ನು ನಾನು ಬಾಯಿಮಾತಿಗೆ ಹೇಳುತ್ತಿಲ್ಲ. 1998ರಲ್ಲಿ ನಮ್ಮ ಬಚ್ಚಲಿಗೆ ಟೈಲ್ಸ್ ಹಾಕಿಸಿದಾಗ ಕಮೋಡಿನ ಪಕ್ಕದ ಗೋಡೆಗೇ ಒಂದು ಸ್ಟೀಲ್ ರಾಡ್ ಹಾಕಿಸಿದ್ದೆ, ನೆಲದಿಂದ 4 ಅಡಿ ಎತ್ತರಕ್ಕೆ. ಟವೆಲಿನ ಮಟ್ಟಿಗೆ ಆ ಎತ್ತರ ತಪ್ಪಲ್ಲ. 5 ಅಡಿಯ ಟವೆಲನ್ನು ಮಡಿಸಿ ಹಾಕಿದರೆ ಎರಡೂವರೆ ಅಡಿ ಇಳಿಯುತ್ತದೆ, ತುದಿಗೂ ನೆಲಕ್ಕೂ ಒಂದೂವರೆ ಅಡಿ ಉಳಿಯುತ್ತದೆ, ಬಕೆಟ್ಟಿನಿಂದ ಎರಚಿದ ನೀರು ಹೆಚ್ಚೇನೂ ತಾಗುವುದಿಲ್ಲ. ನೋಡಿದವರೆಲ್ಲ ಮೆಚ್ಚಿದ್ದರು. ಆದರೆ ಆ 4 ಅಡಿ, ಅರ್ಧ ಎದ್ದು ನಿಂತ ಮುದುಕಿಯ ಕೈ ತಾನಾಗಿ ಹೋಗುವ ಜಾಗವೂ ಹೌದು. ನಮ್ಮತ್ತೆ ದಿನಾ ಅದನ್ನೇ ಹಿಡಿದು ಏಳುತ್ತಿದ್ದರು. ಸಡಿಲ ಆದದ್ದು ನನಗೆ ಗೊತ್ತಿತ್ತು, ಪುಟ್ಟಿ. ಸ್ಕ್ರೂ ಬಿಚ್ಚಿ, ತೂತಿಗೆ ಎರಡು ಬೆಂಕಿಕಡ್ಡಿ ತುರುಕಿ, ಮತ್ತೆ ತಿರುಗಿಸಿದೆ. ಗಟ್ಟಿಯಾಗಿ ಕೂತಿತು. ಹೆಮ್ಮೆಪಟ್ಟುಕೊಂಡೆ. ಹನ್ನೊಂದು ದಿನ ಕಳೆದ ಮೇಲೆ ರಾಡಿನ ಜೊತೆ ಅರ್ಧ ಟೈಲೂ ಕಿತ್ತು ಬಂತು. ಅತ್ತೆಯ ತೊಡೆಸಂದು ಮುರಿಯಿತು. ಆಮೇಲಿನದು ನಿಮಗೆಲ್ಲ ಗೊತ್ತೇ ಇದೆ. ಬೆಂಕಿಕಡ್ಡಿಯ ವಿಷಯ ಮಾತ್ರ ನಿನ್ನ ದೊಡ್ಡಪ್ಪನಿಗೂ ಹೇಳಿರಲಿಲ್ಲ.

ರಿಪೇರಿಗೆ ಬಂದ ಟೈಲ್ಸ್ ಮೇಸ್ತ್ರಿ ಆ ತೂತಿನೊಳಕ್ಕೆ ಕಡ್ಡಿ ಇಟ್ಟು ಅಳೆದು ತೋರಿಸಿದ. ಟೈಲ್ 8 ಮಿಲಿಮೀಟರ್, ಅದರ ಹಿಂದೆ ಕೂರಿಸಿದ ಸಿಮೆಂಟ್ 12, ಅದರ ಹಿಂದೆ ಗಾರೆ 15. ಇಟ್ಟಿಗೆ ಶುರುವಾಗುವುದೇ 35ರಲ್ಲಿ. ರಾಡಿನ ಡಬ್ಬಿಯಲ್ಲಿ ಬಂದ ಸ್ಕ್ರೂ ಒಂದೂವರೆ ಇಂಚು, ಅಂದರೆ 38. ಇಟ್ಟಿಗೆ ಹಿಡಿದದ್ದು ಬರೀ 3 ಮಿಲಿಮೀಟರ್! ಉಳಿದದ್ದೆಲ್ಲ ಟೈಲಿಗೂ ಗಾರೆಗೂ ಕಚ್ಚಿಕೊಂಡಿತ್ತು. ಒದ್ದೆ ಟವೆಲ್ ಕೆಳಕ್ಕೆ ಜಗ್ಗುತ್ತದೆ, ಗೋಡೆಯ ಉದ್ದಕ್ಕೆ. ಅದಕ್ಕೆ ಆ ಸ್ಕ್ರೂ ಸಾಕು. ಮನುಷ್ಯರು ಏಳುವಾಗ ತಮ್ಮ ಕಡೆಗೆ ಎಳೆಯುತ್ತಾರೆ, ಗೋಡೆಯಿಂದ ಆಚೆಗೆ. ಅದಕ್ಕೆ ಮಾಮೂಲಿ ಟವೆಲ್ ರಾಡ್ ತಯಾರಾಗಿರುವುದಿಲ್ಲ. ನಿನ್ನ ಮೇಸ್ತ್ರಿ ಎಷ್ಟೇ ಒಳ್ಳೆಯವನಾದರೂ ಬಿಗಿ ಮಾಡುವುದು ಆ 3 ಮಿಲಿಮೀಟರನ್ನೇ. ನಿಮ್ಮ ಗೋಡೆಯಲ್ಲಿ ಅಳತೆ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ವಿಷಯ ಅದೇ.

ನಮ್ಮ ಅಪ್ಪನ ಮನೆಯ ಬಚ್ಚಲು ನೆನಪಾಗುತ್ತದೆ. ಹಂಡೆಯ ಪಕ್ಕದ ಮಣ್ಣಿನ ಗೋಡೆಯಲ್ಲಿ ಮೊಳದುದ್ದದ ಮರದ ಗೂಟ, ಗೋಡೆ ಕಟ್ಟುವಾಗಲೇ ಹೂತಿದ್ದದ್ದು. ನಾನೂ ನಿನ್ನಮ್ಮನೂ ಅದಕ್ಕೆ ಜೋತುಬಿದ್ದು ತೂಗಾಡುತ್ತಿದ್ದೆವು, ಅಜ್ಜಿ ಬೈಯುವವರೆಗೆ. ಒಂದು ದಿನವೂ ಕದಲಲಿಲ್ಲ. ನಿನ್ನಮ್ಮನ ಕೈಗೆ ಇನ್ನೂ ಆ ನಂಬಿಕೆಯೇ ಇದೆಯೋ ಏನೋ, ಗೋಡೆಯಲ್ಲಿ ಇರುವುದೆಲ್ಲ ಗಟ್ಟಿ ಅಂತ.

ಅದಕ್ಕೇ ಹೇಳುವುದು, ಎತ್ತರದ ಲೆಕ್ಕ ಆಮೇಲೆ. ಮೊದಲು ನಿನ್ನಮ್ಮನನ್ನು ಕಮೋಡಿನ ಮೇಲೆ ಬಟ್ಟೆ ಉಟ್ಟುಕೊಂಡೇ ಕೂರಿಸಿ, ಏಳಲು ಹೇಳಿ, ಕೈ ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕು. ನಗುತ್ತಾಳೆ, ನಗಲಿ. ಆ ಗುರುತುಗಳ ಸುತ್ತ ಹಿಡಿಕಂಬಿ ಒಂದನ್ನು ಬಿಟ್ಟು ಬೇರೇನೂ ಇರಬಾರದು. ಕಂಬಿಯನ್ನು ಸಾಮಾನ್ಯವಾಗಿ ನೆಲದಿಂದ 33ರಿಂದ 36 ಇಂಚು ಎತ್ತರಕ್ಕೆ ಹಾಕುತ್ತಾರೆ. ಅವಳು ಗಿಡ್ಡ, ಹಿಡಿದಾಗ ಮೊಣಕೈ ಸ್ವಲ್ಪ ಮಡಿಸಿದಂತಿರಬೇಕು, ಅದಕ್ಕೆ ತಕ್ಕಂತೆ ಇಳಿಸು. ದಪ್ಪ ಒಂದೂಕಾಲರಿಂದ ಒಂದೂವರೆ ಇಂಚು, ಗೋಡೆಗೂ ಕಂಬಿಗೂ ಒಂದೂವರೆ ಇಂಚು ಸಂದು. ಅದಕ್ಕಿಂತ ಜಾಸ್ತಿ ಬಿಟ್ಟರೆ ಕೈ ಜಾರಿ ಮೊಣಕೈವರೆಗೂ ಒಳಗೆ ಸಿಕ್ಕಿಕೊಳ್ಳಬಹುದು. ಸ್ಕ್ರೂ 3 ಇಂಚಿಗೆ ಕಡಿಮೆ ಬೇಡ. ಗೋಡೆ ಟೊಳ್ಳು ಬ್ಲಾಕಿನದೋ ಹಗುರ ಬ್ಲಾಕಿನದೋ ಆದರೆ ಅದೂ ನಿಲ್ಲುವುದಿಲ್ಲ, ಅಲ್ಲಿ ಒಡೆದು ಕಾಂಕ್ರೀಟ್ ತುಂಬಿಸಬೇಕಾದೀತು. ನಾಣ್ಯದಿಂದ ಟೈಲ್ ತಟ್ಟಿ ನೋಡು. ಡಬ್ ಡಬ್ ಅಂದರೆ ಟೈಲಿನ ಹಿಂದೆಯೇ ಸಿಮೆಂಟ್ ಇಲ್ಲ, ಅಲ್ಲಂತೂ ತೂತು ಹೊಡೆಸಬೇಡ. ನಲ್ಲಿಯ ನೇರಕ್ಕೂ ಬೇಡ, ಒಳಗೆ ಪೈಪ್ ಹೋಗಿರುತ್ತದೆ. ನಿನಗೆ ಗೊತ್ತಿಲ್ಲದ್ದೇನೂ ಅಲ್ಲ, ಆದರೂ ಬರೆದೆ.

ರಾಡನ್ನು ಬಾಗಿಲ ಕಡೆಯ ಗೋಡೆಗೆ ಸಾಗಿಸು, ಅದೇ 4 ಅಡಿಗೆ. ಕೂತಲ್ಲಿಂದ ಕೈ ಚಾಚಿದರೂ ಸಿಗಬಾರದು.

ಪೇಪರ್ ಹೋಲ್ಡರ್ ಬೇಕೆಂದು ಅಳಿಯಂದಿರು ಹೇಳಿದರಂತೆ. ನೆಲದಿಂದ 26 ಇಂಚು, ಕಮೋಡಿನ ಮುಂದಿನ ಅಂಚಿಗಿಂತ ಒಂದು ಗೇಣು ಮುಂದೆ. ಹಿಂದಿದ್ದರೆ ಮೈ ತಿರುಚಬೇಕಾಗುತ್ತದೆ. ಹೆಲ್ತ್ ಫಾಸೆಟ್ ಇರುವ ಕಡೆ ಬೇಡ, ಪೇಪರೆಲ್ಲ ತೊಯ್ದು ಮುದ್ದೆಯಾಗುತ್ತದೆ. ಆ ಹೋಲ್ಡರನ್ನೂ ಹಿಡಿದು ಏಳುವವರಿದ್ದಾರೆ ಅಂತ ಮರೆಯಬೇಡ.

ಸೋಪಿನ ಬಟ್ಟಲಿನ ಮಾತೂ ಅಲ್ಲಿಗೇ ಬರುತ್ತದೆ. ನಿನ್ನಮ್ಮ ಸ್ಟೂಲಿನ ಮೇಲೆ ಕೂತು ತಂಬಿಗೆಯಲ್ಲಿ ಹುಯ್ದುಕೊಳ್ಳುವವಳು, ನೀವು ಶವರಿನವರು. ನಿಮ್ಮದು ಮೂರೂವರೆ ಅಡಿಗೆ, ನೀರು ನೇರ ಬೀಳದ ಕಡೆ. ಅವಳಿಗೆ ಬೇರೆ ಒಂದು, 2 ಅಡಿಯ ಆಸುಪಾಸಿನಲ್ಲಿ, ನಲ್ಲಿಯ ಬದಿಗೆ. ಇಲ್ಲದಿದ್ದರೆ ಸೋಪು ನೆಲದ ಮೇಲೇ ಇರುತ್ತದೆ, ಅದನ್ನು ತುಳಿಯುವುದು ಅವಳೇ.

ಕೊಕ್ಕೆ ದೊಡ್ಡವರಿಗೆ ಐದೂವರೆ ಅಡಿ. ಮಗುವಿಗೆ ಮೂರೂವರೆ ಅಡಿ ಅಂತ ಬರೆದಿದ್ದೀಯ. ಅವನು ನಿಂತಾಗ ಅದು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದಲ್ಲ! ಅವನ ತಲೆಗಿಂತ ನಾಲ್ಕು ಬೆರಳು ಮೇಲೆ ಹಾಕಿಸು, ಕೈ ಎತ್ತಿದರೆ ಸಿಗುತ್ತದೆ. ತುದಿ ಗುಂಡಗಿರುವ ಕೊಕ್ಕೆ ತಗೋ.

ಕಂಬಿ ಬರುವವರೆಗೆ ಕಮೋಡಿನ ಸುತ್ತ ನೆಲದ ಮೇಲೆ ನಿಲ್ಲಿಸುವ ಚೌಕಟ್ಟು ಸಿಗುತ್ತದೆ, ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಕೇಳು. ಟೈಲಿಗೆ ಒತ್ತಿ ಅಂಟಿಸುವ ರಬ್ಬರ್ ಹಿಡಿಕೆ ಮಾತ್ರ ತರಬೇಡ, ಒದ್ದೆಗೆ ಹೇಳದೆ ಕೇಳದೆ ಬಿಟ್ಟುಬಿಡುತ್ತದೆ.

ಜಾಸ್ತಿ ಹೇಳಿದೆನೇನೋ. ಸ್ಕ್ರೂಡ್ರೈವರ್ ಮನೆಯಲ್ಲಿದ್ದರೆ ಮೇಸ್ತ್ರಿಗೆ ಕಾಯಬೇಡ, ಇವತ್ತೇ ಆ ರಾಡನ್ನು ಬಿಚ್ಚಿ ಅಟ್ಟದ ಮೇಲಿಡು. ಟವೆಲ್ ನಾಲ್ಕು ದಿನ ಬಾಗಿಲ ಮೇಲೆ ನೇತಾಡಲಿ. ಬಿಚ್ಚಿದ ಕೂಡಲೇ ಫೋನ್ ಮಾಡು, ರಾತ್ರಿಯಾದರೂ ಪರವಾಗಿಲ್ಲ.

ಇಂತಿ,
ನಿನ್ನ ದೊಡ್ಡಮ್ಮ