ವಿಷಯ: ಹಾಸನದ ನಮ್ಮ ಮನೆಯ ಸ್ಲ್ಯಾಬ್ ಕಾಂಕ್ರೀಟಿನಲ್ಲಿ ಬಿದ್ದ ಜಾಯಿಂಟ್ ಬಗ್ಗೆ ದೂರು

ಮಾನ್ಯ ವ್ಯವಸ್ಥಾಪಕರಿಗೆ,

ನಮಸ್ಕಾರ. ಕಳೆದ ತಿಂಗಳು ನೀವು ನಮ್ಮ ಮನೆಯ ಮೊದಲ ಮಹಡಿಗೆ ಸ್ಲ್ಯಾಬ್ ಹಾಕಿದಿರಿ. ಸುಮಾರು 900 ಚದರಡಿ, 5 ಇಂಚು ದಪ್ಪ. ಬೀಮ್ ಸೇರಿ 12 ಘನ ಮೀಟರ್ ಕಾಂಕ್ರೀಟ್, ಅಂದರೆ 6 ಘನ ಮೀಟರಿನ ಎರಡು ಲಾರಿ. ಮೊನ್ನೆ ಸೆಂಟ್ರಿಂಗ್ ಬಿಚ್ಚಿದಾಗ ಸ್ಲ್ಯಾಬಿನ ಅಡಿಭಾಗದಲ್ಲಿ ಗೋಡೆಯಿಂದ ಗೋಡೆಗೆ ಒಂದು ಕಪ್ಪು ಗೆರೆ ಕಾಣಿಸಿತು. ಮಳೆ ಬಂದ ರಾತ್ರಿ ಅದೇ ಗೆರೆಯಲ್ಲಿ ನೀರು ಜಿನುಗಿತು.

ಕೆಲಸಕ್ಕೆ ಮುಂಚೆ ನೀವೇ ಕೊಟ್ಟ ಮೆಥಡ್ ಸ್ಟೇಟ್‌ಮೆಂಟ್ ನನ್ನ ಹತ್ತಿರ ಇದೆ. ಮೊದಲ ಲಾರಿ ಅರ್ಧ ಖಾಲಿಯಾಗುವಾಗ ಎರಡನೆಯದು ಸೈಟಿಗೆ ಬಂದಿರಬೇಕು, ಎರಡು ವೈಬ್ರೇಟರ್ ಇರಬೇಕು, ಕಾಂಕ್ರೀಟ್ ಬೀಳುವಷ್ಟು ಹೊತ್ತೂ ಕೆಳಗೆ ಸಪೋರ್ಟ್ ನೋಡಲು ಒಬ್ಬ ಸೆಂಟ್ರಿಂಗ್ ಮೇಸ್ತ್ರಿ ಇರಬೇಕು ಅಂತ ಅದರಲ್ಲಿದೆ. ಮೇಸ್ತ್ರಿ ಇದ್ದರು, ಸಪೋರ್ಟ್ ಒಂದೂ ಅಲುಗಲಿಲ್ಲ. ಅವರ ಮೇಲೆ ನನ್ನ ದೂರಿಲ್ಲ.

ತಪ್ಪಾಗಿದ್ದು ಲಾರಿಯಲ್ಲಿ. ಮೊದಲನೆಯದು 9 ಗಂಟೆಗೆ ಖಾಲಿಯಾಯಿತು, ಎರಡನೆಯದು ಬಂದಿದ್ದು 12.20ಕ್ಕೆ. ಅಷ್ಟರಲ್ಲಿ ಹಾಕಿದ ಅಂಚು ಬಿಗಿದಿತ್ತು. ಗಾರೆಯವರು ಅದರ ಮೇಲೆ ನಡೆದರೂ ಕಾಲು ಇಳಿಯಲಿಲ್ಲ. ವೈಬ್ರೇಟರ್ ಸೂಜಿ ತನ್ನ ಭಾರಕ್ಕೇ ಒಳಗಿಳಿದರೆ ಹಳೆಯದೂ ಹೊಸದೂ ಒಂದಾಗುತ್ತವೆ. ನಮ್ಮ ಕಣ್ಣೆದುರೇ ಅದು ಇಳಿಯಲಿಲ್ಲ, ಎರಡೂ ಬೆಸೆಯದೆ ಈ ಜಾಯಿಂಟ್ ಬಿತ್ತು. ಇದ್ದದ್ದೂ ಒಂದೇ ವೈಬ್ರೇಟರ್.

ಎರಡನೇ ಲಾರಿಯ ಚೀಟಿ ನೋಡಿದೆ. ಪ್ಲಾಂಟಿನಲ್ಲಿ ತುಂಬಿದ್ದು 9.50ಕ್ಕೆ. ರೆಡಿಮಿಕ್ಸ್ ಕಾಂಕ್ರೀಟಿನ ಐಎಸ್ 4926 ಪ್ರಕಾರ ಸಾಮಾನ್ಯವಾಗಿ 2 ಗಂಟೆಯೊಳಗೆ ಇಳಿಸಬೇಕು. ಇಲ್ಲಿ ಎರಡೂವರೆ ಗಂಟೆ ಆಗಿತ್ತು. ಗಟ್ಟಿಯಾಗಿದೆ ಅಂತ ಡ್ರೈವರ್ ಪೈಪಿನಿಂದ ಡ್ರಮ್ಮಿಗೆ ನೀರು ಬಿಟ್ಟರು. ಬೇಡ ಅಂದೆ. 'ಸ್ವಲ್ಪಾನೇ ಸಾರ್' ಅಂದರು. ನೀರು ಜಾಸ್ತಿಯಾದಷ್ಟೂ ಬಲ ಕಡಿಮೆ ಅಲ್ವಾ? ನಿಮ್ಮ ಸೂಪರ್‌ವೈಸರ್ ಅಲ್ಲೇ ನಿಂತಿದ್ದರು.

ಆವತ್ತು ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ನಿಲ್ಲಿಸುವ ಜಾಗಕ್ಕೆ ಹಲಗೆ ಕಟ್ಟಿ, ಮಾರನೇ ದಿನ ಅಂಚಿನ ಮೇಲಿನ ಪುಡಿ ಪದರ ಕೆರೆದು, ನೆನೆಸಿ, ಸಿಮೆಂಟ್ ಹಾಲು ಬಳಿದು ಮುಂದುವರಿಸಬಹುದಿತ್ತು. ನಿಲ್ಲಿಸುವ ಜಾಗವೂ ಸ್ಪ್ಯಾನಿನ ನಡುಭಾಗದಲ್ಲಿ ಇರಬೇಕಿತ್ತು. ಈಗ ಗೆರೆ ಇರುವುದು ಬೀಮಿನಿಂದ ಒಂದೇ ಅಡಿ ದೂರ. ಕತ್ತರಿಸುವ ಒತ್ತಡ ಜಾಸ್ತಿ ಬೀಳುವುದೇ ಅಲ್ಲಿ. ಅದಕ್ಕೇ ನನಗೆ ನಿದ್ದೆ ಬರುತ್ತಿಲ್ಲ. ಕೆಳಗೆ ನಮ್ಮ ಅಮ್ಮ ಮಲಗುವ ಕೋಣೆ ಬರುತ್ತದೆ.

'ಮೇಲೆ ಪ್ಲಾಸ್ಟರ್ ಮಾಡಿದರೆ ಕಾಣಲ್ಲ' ಅಂತ ನಿಮ್ಮವರು ಫೋನಿನಲ್ಲಿ ಹೇಳಿದರು. ಅದಕ್ಕೆ ನಾನು ಒಪ್ಪುವುದಿಲ್ಲ. ನಿಮಗೆ ಸಂಬಂಧವಿಲ್ಲದ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಂದ ಗೆರೆಯ ಎರಡೂ ಬದಿ ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸಿ, ಎರಡನೇ ಲಾರಿಯ ಭಾಗದಿಂದ ಕೋರ್ ತೆಗೆಸಿ. ಎರಡೂ ಲಾರಿಯಿಂದ ತುಂಬಿದ ಕ್ಯೂಬ್‌ಗಳ 28 ದಿನದ ವರದಿಯೂ ಬೇಕು. ಅವರು ಹೇಳುವ ರಿಪೇರಿಯ ಖರ್ಚು ನಿಮ್ಮದು. ಅಲ್ಲಿಯವರೆಗೆ ಜಾಯಿಂಟಿನ ಕೆಳಗೆ ಮತ್ತೆ ಜಾಕ್ ಕೊಡಿಸಿ, ಮೇಲೆ ಇಟ್ಟಿಗೆ ಪೇರಿಸಬೇಡಿ. ಉಳಿದ ಬಿಲ್ಲನ್ನು ವರದಿ ಬಂದ ಮೇಲೆ ಕೊಡುತ್ತೇನೆ.

7 ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಲಾರಿಯ ಚೀಟಿ ಮತ್ತು ಗೆರೆಯ ಫೋಟೋ ಲಗತ್ತಿಸಿದ್ದೇನೆ.

ಇಂತಿ,
ಮನೆ ಮಾಲೀಕ, ಹಾಸನ